ನಲವತ್ತರ ತಟ್ಟೆಗೆ ಇನ್ನೂರಿಪ್ಪತ್ತು ಗ್ರಾಂ

ಅಣ್ಣ ಮೊದಲು ಹೊಡೆದದ್ದು ತೂಕದ ಯಂತ್ರವನ್ನು. ಅತ್ತಿಗೆಯನ್ನು ಹೊಡೆದದ್ದು ಆಮೇಲೆ.

ಯಂತ್ರ ಗೋಡೆಗೆ ಬಡಿದು ಅದರ ಸ್ಟೀಲಿನ ತಟ್ಟೆ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ ಹಾರಿ ಬಿದ್ದವು. ಬ್ಯಾಟರಿಗಳು ನೆಲದ ಮೈದಾದಲ್ಲಿ ಗೆರೆ ಎಳೆಯುತ್ತ ಓವನ್ನಿನ ಕೆಳಗೆ ಉರುಳಿಹೋದವು. ಅವನ್ನು ತೆಗೆಯಲು ಅತ್ತಿಗೆ ಬಗ್ಗಿದರು. ಬಗ್ಗಿದ ಬೆನ್ನಿಗೆ ಧೊಪ್ಪೆಂದು ಗುದ್ದು ಬಿತ್ತು. ಎದ್ದು ತಿರುಗಿದಾಗ ಕೆನ್ನೆಗೆ ಇನ್ನೊಂದು. ಅತ್ತಿಗೆ ಅಳಲಿಲ್ಲ. ಕೆನ್ನೆಗೆ ಅಂಟಿದ ಹಿಟ್ಟನ್ನು ಮೊಣಕೈಯಿಂದ ಒರೆಸಿಕೊಂಡು, "ಯಂತ್ರ ಒಡೆದ್ರೆ ಲೆಕ್ಕ ಬದಲಾಗಲ್ಲರೀ" ಎಂದರು.

ನಾನು ಓವನ್ನಿನ ಮುಂದೆ ನಿಂತಿದ್ದೆ. ಎಂಟನೇ ಕ್ಲಾಸಿನ ಪುಸ್ತಕ ಕಿತ್ತುಕೊಂಡು ಅಣ್ಣ ನನ್ನನ್ನು ಅಲ್ಲಿ ನಿಲ್ಲಿಸಿದ್ದ. ಅವತ್ತಿನಿಂದ ಅದೇ ಜಾಗ. ಮುಂಗೈ ತುಂಬ ಸುಟ್ಟ ಗುರುತು. ಬೀದಿಯವರು ನನ್ನನ್ನು ಕೆಂಡ ಎನ್ನುತ್ತಾರೆ. ಅದು ಓವನ್ನಿನಿಂದ ಬಂದ ಹೆಸರೋ ನನ್ನ ಬಾಯಿಂದ ಬಂದದ್ದೋ ಯಾರಿಗೂ ನೆನಪಿಲ್ಲ. ಅಪ್ಪ ಸತ್ತ ಮೇಲೆ ಅನ್ನ ಹಾಕಿದವನು ಅಣ್ಣ. ಆ ಒಂದು ಮಾತನ್ನು ದಿನಕ್ಕೊಂದು ಸಲ ಆಡಿ ಆಡಿ, ಹಾಕಿದ ಅನ್ನವನ್ನೆಲ್ಲ ಅವನೇ ಹಳಸಿಬಿಟ್ಟಿದ್ದ.

ಇಷ್ಟೆಲ್ಲ ಆದದ್ದು ಒಂದು ತಟ್ಟೆಯ ಸಲುವಾಗಿ. ನಮ್ಮದೂ ಪಿಜ್ಜಾ ಅಂಗಡಿಯೇ. ಎದುರು ಸಾಲಿನ ಪಿಜ್ಜಾ ಅಂಗಡಿಯವನು ಬಾಗಿಲಿಗೆ ದೊಡ್ಡ ಬೋರ್ಡ್ ತೂಗುಹಾಕಿದ್ದ: ಮನೆಮಂದಿಗೆಲ್ಲ ಒಂದೇ ಪಿಜ್ಜಾ. ಅದನ್ನು ನೋಡಿ ಅಣ್ಣನ ಹೊಟ್ಟೆ ಉರಿಯಿತು. ಅವತ್ತೇ ಹೋಗಿ ನಲವತ್ತು ಸೆಂಟಿಮೀಟರ್ ಅಗಲದ ಹೊಸ ತಟ್ಟೆಗಳನ್ನು ಹೊತ್ತು ತಂದ. ನಮ್ಮಲ್ಲಿ ಅಲ್ಲಿಯವರೆಗೆ ಎರಡೇ ಅಳತೆ ಇದ್ದವು. ಇಪ್ಪತ್ತರದ್ದು ಒಬ್ಬರಿಗೆ, ಅದಕ್ಕೆ ನೂರಹತ್ತು ಗ್ರಾಂ ಹಿಟ್ಟಿನ ಉಂಡೆ. ಮೂವತ್ತರದ್ದು ಇಬ್ಬರಿಗೆ, ಅದಕ್ಕೆ ಇನ್ನೂರೈವತ್ತು. ಎರಡೂ ತೆಳು ಪಿಜ್ಜಾ, ತಟ್ಟೆ ಅಳತೆಗಷ್ಟೇ, ಬೇಯುವುದು ಓವನ್ನಿನ ಕಲ್ಲಿನ ಮೇಲೆ. ಉಂಡೆ ಕಟ್ಟುವವರು ಅತ್ತಿಗೆ, ಹಿಗ್ಗಿಸಿ ಬೇಯಿಸುವವನು ನಾನು, ಗಲ್ಲಾದಲ್ಲಿ ಕೂತು ಮೀಸೆ ತಿರುವುವವನು ಅಣ್ಣ.

"ಇಪ್ಪತ್ತರದ್ದಕ್ಕೆ ನೂರಹತ್ತು. ನಲವತ್ತು ಅದರ ಡಬಲ್. ಇನ್ನೂರಿಪ್ಪತ್ತು ಹಾಕು," ಎಂದಿದ್ದ ಅಣ್ಣ.

"ಸಾಲಲ್ಲರೀ. ನಾನೂರ ನಲವತ್ತು ಬೇಕು."

"ಯಾಕೆ, ನಿಮ್ಮಪ್ಪನ ಮನೆಗೂ ಒಂದು ಕಟ್ಟಿ ಕಳಿಸ್ತೀಯಾ?"

ಅತ್ತಿಗೆ ನಕ್ಕು ಹೊಸ ತಟ್ಟೆಯೊಳಗೆ ಇಪ್ಪತ್ತರ ತಟ್ಟೆಯೊಂದನ್ನು ಇಟ್ಟರು. ಪಕ್ಕಕ್ಕೆ ಇನ್ನೊಂದು. ಎರಡೂ ಒಂದಕ್ಕೊಂದು ಅಂಟಿಕೊಂಡು, ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಕೂತವು. "ನೋಡಿ, ಅಗಲಕ್ಕೆ ಎರಡು ಹಿಡೀತು. ನೀವು ಹೇಳೋ ಹಿಟ್ಟು ಇಷ್ಟಕ್ಕೇ ಆಯ್ತು. ಮೇಲೆ ಇಷ್ಟು ಖಾಲಿ, ಕೆಳಗೆ ಇಷ್ಟು ಖಾಲಿ. ಇದನ್ನ ಯಾರು ತುಂಬ್ತಾರೆ? ತಟ್ಟೆ ಉದ್ದಕ್ಕೂ ಬೆಳೆಯತ್ತೆ, ಅಡ್ಡಕ್ಕೂ ಬೆಳೆಯತ್ತೆ. ಎರಡೆರಡಲ ನಾಲ್ಕು."

ನಾನು ಪಿಸಕ್ಕನೆ ನಕ್ಕೆ. ಆ ನಗುವೇ ಸಾಕಾಯಿತು. ಅಣ್ಣ ತೂಕದ ಯಂತ್ರವನ್ನು ಎತ್ತಿದ.

ಇದರಲ್ಲಿ ಓದಿದವರು ಓದದವರು ಎಂಬುದೇನೂ ಇರಲಿಲ್ಲ. ಅಣ್ಣನೂ ಅತ್ತಿಗೆಯೂ ಒಂದೇ ಶಾಲೆಯ ಹಿಂದಿನ ಬೆಂಚಿನವರು. ಆದರೆ ಅಣ್ಣನಿಗೆ ಒಂದು ಕಾಯಿಲೆ ಇತ್ತು. ಮೂರನೆಯವರ ಎದುರು ಯಾರಾದರೂ ಇಲ್ಲ ಎಂದರೆ ಅವನ ಕಿವಿ ಕೆಂಪಾಗುತ್ತಿತ್ತು. ಆಮೇಲೆ ಕೈ ಏಳುತ್ತಿತ್ತು. ಸರಿಯೋ ತಪ್ಪೋ ಎಂಬುದು ಅಲ್ಲಿಗೆ ಮುಗಿದ ಮಾತು.

ಭಾನುವಾರ ಮಧ್ಯಾಹ್ನಕ್ಕೆ ಕಾರ್ಖಾನೆಯ ಕ್ವಾರ್ಟರ್ಸಿನಿಂದ ದೊಡ್ಡ ಆರ್ಡರ್ ಬಂದಿತ್ತು. ಅತ್ತಿಗೆ ಮನೆಮನೆಯ ಬಾಗಿಲಿಗೆ ಹೋಗಿ ಕೇಳಿಕೊಂಡು ಬಂದಿದ್ದರು. ಅವರು ಕೇಳುವ ರೀತಿಯೇ ಬೇರೆ. "ಎಷ್ಟು ಬಾಯಿ? ಎಷ್ಟು ಹಲ್ಲು?" ಎನ್ನುತ್ತಿದ್ದರು. ಬಾಯಿ ಎಷ್ಟಿವೆ ಎಂದರೆ ಅಗಲ ಗೊತ್ತಾಗುತ್ತದೆ, ಹಲ್ಲು ಎಷ್ಟಿವೆ ಎಂದರೆ ದಪ್ಪ ಗೊತ್ತಾಗುತ್ತದೆ. ನರ್ಸಮ್ಮನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಅವರಿಗೆ ಮೂವತ್ತರ ತೆಳುವಿನದು ಒಂದು. ನಾಲ್ವರಿರುವ ಮನೆಗೆ ನಲವತ್ತರದು ಒಂದು. ಫಿಟ್ಟರ್ ಮನೆಯಲ್ಲಿ ಏಳು ಜನ, ಎಲ್ಲರೂ ಕಲ್ಲು ಅರಗಿಸುವವರು, ಅಲ್ಲಿಗೆ ನಲವತ್ತರವು ಎರಡು. ಮುದುಕರಿರುವ ಮನೆಗಳಿಗೆ ಹಂಚಿಕೊಂಡು ತಿನ್ನಲು ಮೂವತ್ತರ ದಪ್ಪ ಪಿಜ್ಜಾ, ಬನ್ನಿನ ಹಾಗೆ ಮೆತ್ತಗೆ. ಮೂವತ್ತರದಕ್ಕೆ ತೆಳುವಾದರೆ ಇನ್ನೂರೈವತ್ತು ಸಾಕು. ದಪ್ಪಕ್ಕೆ ನಾನೂರಿಪ್ಪತ್ತಾದರೂ ಬೇಕೆಂದು ಅತ್ತಿಗೆ ಮನೆಯಲ್ಲೇ ಒಂದೆರಡು ಸಲ ಮಾಡಿ ನೋಡಿ ಕಂಡುಕೊಂಡಿದ್ದರು.

ಅದಕ್ಕೂ ಅಣ್ಣ ಕತ್ತರಿ ಹಾಕಿದ. ಶನಿವಾರ ಸಂಜೆ ಹಿಟ್ಟು ನಾದುವಾಗ ಬಂದು ತಲೆಯ ಮೇಲೆ ನಿಂತ.

"ಅಗಲ ಅದೇ ತಾನೆ? ತೂಕಾನೂ ಅದೇ. ದಪ್ಪ ಬೇಕಾದ್ರೆ ಯೀಸ್ಟ್ ಜಾಸ್ತಿ ಹಾಕು. ಉಬ್ಬತ್ತೆ."

"ಉಬ್ಬಿದ್ದು ಕೂತುಬಿಡತ್ತೆ. ಗಾಳಿ ತುಂಬಿದ್ರೆ ಹೊಟ್ಟೆ ತುಂಬಲ್ಲ," ಎಂದರು ಅತ್ತಿಗೆ, ತಲೆ ಎತ್ತದೆ.

ಅಣ್ಣ ಯೀಸ್ಟಿನ ಪೊಟ್ಟಣ ಹರಿದು ಅರ್ಧಕ್ಕರ್ಧ ದಪ್ಪ ಪಿಜ್ಜಾದ ಹಿಟ್ಟಿಗೆ ತಾನೇ ಸುರಿದ. ಯಂತ್ರ ಒಡೆದುಹೋಗಿತ್ತಲ್ಲ, ಅದಕ್ಕೆ ಅವನೇ ಒಂದು ದಾರಿ ಕಂಡುಹಿಡಿದ. ಫ್ರಿಜ್ಜಿನಲ್ಲಿದ್ದ ನೂರಹತ್ತರ ಹಳೆಯ ಉಂಡೆಗಳಲ್ಲಿ ಎರಡನ್ನು ತೆಗೆದು ಹಲಗೆಯ ಮೇಲೆ ಒಟ್ಟಿಗಿಟ್ಟು, "ನಲವತ್ತರದ್ದಕ್ಕೆ ಇಂಥ ಎರಡರಷ್ಟು. ಒಂದು ಚೂರು ಹೆಚ್ಚಾದ್ರೂ ನಂಗೆ ಗೊತ್ತಾಗತ್ತೆ" ಎಂದು ಸ್ಟೂಲು ಎಳೆದುಕೊಂಡು ಕೂತ.

ಅತ್ತಿಗೆಯ ಕೈಗೆ ಯಂತ್ರ ಬೇಕಿರಲಿಲ್ಲ. ಅಂಗೈಯಲ್ಲಿ ಎತ್ತಿ ನೋಡಿದರೆ ಐದು ಗ್ರಾಂ ಹೆಚ್ಚುಕಡಿಮೆಯೂ ತಿಳಿಯುತ್ತಿತ್ತು. ಹಾಗಾಗಿ ಮೊದಲ ಉಂಡೆ ದೊಡ್ಡದಾಗಿ ಬಂದದ್ದು ತಪ್ಪಿನಿಂದಲ್ಲ ಎಂದು ನನಗೂ ಗೊತ್ತು, ಅಣ್ಣನಿಗೂ ಗೊತ್ತು. ಅವನು ಎದ್ದು ಅವರ ಬಲಗೈ ಮಣಿಕಟ್ಟನ್ನು ಹಿಡಿದ. ಉಂಡೆ ಕೈಯಲ್ಲೇ ಇತ್ತು. ಎಳೆದುಕೊಂಡು ಓವನ್ನಿನ ಬಾಯಿಯ ಹತ್ತಿರ ತಂದ. ಒಳಗೆ ಕಲ್ಲಿನ ನೆಲ ಕಾದು ಬಿಳಿಚಿಕೊಂಡಿತ್ತು.

"ಇನ್ನೊಂದು ಸಲ ನನ್ನ ಮಾತು ಮೀರಿದ್ರೆ," ಎಂದ ಅಣ್ಣ, ಜೋರಾಗಿ ಅಲ್ಲ, ಹತ್ತಿರ ಬಂದು, "ಈ ಕೈಯನ್ನ ಅಲ್ಲಿಡ್ತೀನಿ. ಆಮೇಲೆ ಎಷ್ಟು ಗ್ರಾಂ ಬೇಯತ್ತೆ ಅಂತ ನೀನೇ ಹೇಳು."

ಬಿಸಿಗೆ ಅತ್ತಿಗೆಯ ಕೈಯ ಕೂದಲು ಮುರುಟಿ ವಾಸನೆ ಬಂತು. ಅವರು ಅಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೇಡ ಎನ್ನುವ ಹಾಗೆ ಕಣ್ಣು ಮುಚ್ಚಿ ತೆರೆದರು. ನನ್ನ ಕೈಯಲ್ಲಿ ಪಿಜ್ಜಾ ಒಳಗೆ ತಳ್ಳುವ ಕಬ್ಬಿಣದ ಸಲಿಕೆ ಇತ್ತು. ಹಿಡಿ ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ಅಣ್ಣಾ, ಬಿಡು."

"ನಿಂಗೇನು? ನೀನು ನಿನ್ನ ಕೆಲಸ ನೋಡ್ಕೊ."

ಬಿಟ್ಟ. ಅತ್ತಿಗೆ ಹೋಗಿ ಉಳಿದ ಉಂಡೆಗಳನ್ನೆಲ್ಲ ಅವನು ಹೇಳಿದಷ್ಟೇ ಕಟ್ಟಿದರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವನು ಹೊರಗೆ ಹೋದ ಮೇಲೆ ನಾನು ಹತ್ತಿರ ಹೋಗಿ, "ಈಗ ಎರಡೆರಡು ಸೇರಿಸಿ ಒಂದು ಮಾಡಿಬಿಡೋಣ ಅತ್ತಿಗೆ, ಅವನಿಗೆಲ್ಲಿ ಗೊತ್ತಾಗತ್ತೆ" ಎಂದೆ.

"ಟ್ರೇಯಲ್ಲಿ ಎಣಿಸಿ ಬಿಟ್ಟು ಹೋಗಿದಾನೆ. ಬೆಳಿಗ್ಗೆ ಅರ್ಧ ಇದ್ರೆ ಕಾಣಲ್ವ?"

"ಮತ್ತೆ ನಾಳೆ ಮಧ್ಯಾಹ್ನ ಸೇರಿಸಿದ್ರೆ?"

"ಆಗ ಸೇರಿಸಿದ ಹಿಟ್ಟು ರಬ್ಬರ್ ಆಗಿರತ್ತೆ ಕಣೋ. ಎಳೆದಷ್ಟೂ ವಾಪಸ್ ಓಡತ್ತೆ. ಗಂಟೆಗಟ್ಟಲೆ ಮಲಗಿಸ್ಬೇಕು, ಆಮೇಲೆ ನಿನ್ನ ಮಾತು ಕೇಳತ್ತೆ." ಮುರುಟಿದ ಕೂದಲನ್ನು ಉಜ್ಜಿಕೊಳ್ಳುತ್ತ ಅಂದರು, "ನಂಗೆ ಈ ಕೈ ಬೇಕು ಕೆಂಡ. ಇದಿದ್ರೆ ಎಲ್ಲಾದ್ರೂ ಬದುಕ್ತೀನಿ. ನಾಳೆ ಒಂದು ದಿನ ನೀನು ಬಾಯಿ ಮುಚ್ಕೊಂಡಿರು, ನಾನೂ ಮುಚ್ಕೊಂಡಿರ್ತೀನಿ."

ಭಾನುವಾರ ಟ್ರೇಗಳ ಮುಚ್ಚಳ ತೆಗೆದಾಗ ದಪ್ಪ ಪಿಜ್ಜಾದ ಉಂಡೆಗಳು ಉಂಡೆಗಳಾಗಿ ಇರಲಿಲ್ಲ. ಉಬ್ಬಿ ಮುಚ್ಚಳಕ್ಕೆ ಹತ್ತಿ, ಅಲ್ಲಿಂದ ಕುಸಿದು, ಒಂದರೊಳಗೊಂದು ಕರಗಿ ಅಂಟಿನ ಕೆರೆಯಾಗಿದ್ದವು. ಹುಳಿ ನಾತ ಮೂಗಿಗೆ ಹೊಡೆಯಿತು. ಅತ್ತಿಗೆ ಮೈದಾ ಉದುರಿಸಿ, ಕೆರೆದು, ಎಣ್ಣೆ ಸವರಿದ ತಟ್ಟೆಗೆ ತುಂಬಿದರು. ಬೆಂದು ಬಂದಾಗ ಅದು ಮಧ್ಯದಲ್ಲಿ ತಗ್ಗಿ, ಬಣ್ಣವೇ ಹತ್ತದೆ, ಹೊಲಿಗೆ ಬಿಟ್ಟ ಚಪ್ಪಲಿಯ ಅಟ್ಟೆಯಂತೆ ಬಿದ್ದುಕೊಂಡಿತ್ತು. ಮುದುಕರ ಮನೆಯವರು ಪೆಟ್ಟಿಗೆ ತೆರೆದು ಮೂಸಿ ನೋಡಿ ಕೌಂಟರ್ ಮೇಲೆ ಎಸೆದರು.

"ಏನಯ್ಯಾ ಇದು, ಕಳ್ಳು ಕುಡಿದ ರೊಟ್ಟಿ!"

"ಒಲೆ ಹುಡುಗನ ತಪ್ಪು ಸಾರ್, ಈಗ ಬೇರೆ ಕೊಡ್ತೀನಿ," ಎಂದ ಅಣ್ಣ. ಒಳಗೆ ಬಂದು ನನ್ನ ಕತ್ತಿನ ಹಿಂಭಾಗಕ್ಕೆ ಮುಷ್ಟಿಯಿಂದ ಗುದ್ದಿದ. ಹಲ್ಲು ನಾಲಗೆಯನ್ನು ಕಚ್ಚಿ ಬಾಯಿ ಉಪ್ಪುಪ್ಪಾಯಿತು. ಉಗುಳಿದೆ. ಕೆಂಪು.

ನರ್ಸಮ್ಮನ ಮೂವತ್ತರದ್ದು ಸರಿಯಾಗಿಯೇ ಹೋಯಿತು. ಆಮೇಲೆ ನಲವತ್ತರ ಸರದಿ ಬಂತು.

ಇನ್ನೂರಿಪ್ಪತ್ತರ ಉಂಡೆಯನ್ನು ಅಂಚಿನಿಂದ ಹಿಗ್ಗಿಸುತ್ತ ಹೋದೆ. ಒಂದು ಹಂತದವರೆಗೆ ಹಿಟ್ಟು ನಗುನಗುತ್ತ ಬಂತು. ಅಲ್ಲಿಂದ ಮುಂದೆ ಬೆಳಕು ಆಚೆಯಿಂದ ಕಾಣತೊಡಗಿತು, ಬೆರಳಿನ ಗೆಣ್ಣು ಕಂಡಿತು, ಆಮೇಲೆ ಬೆರಳೇ ಹೊರಗೆ ಬಂತು. ತೂತನ್ನು ಹಿಸುಕಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು. ಲಟ್ಟಣಿಗೆ ಹಿಡಿದು ಹೇಗೋ ತಟ್ಟೆಯ ಅಗಲಕ್ಕೆ ತಂದೆ. ಅಗಲ ನಲವತ್ತರದ್ದಾದರೂ ದಪ್ಪ ಅರ್ಧಕ್ಕೆ ಇಳಿದಿತ್ತು. ಸಾಸೂ ಚೀಸೂ ಮಾತ್ರ ಅಣ್ಣ ಎದುರಂಗಡಿಯವನ ಮೇಲಿನ ಸಿಟ್ಟಿಗೆ ಕೈತುಂಬ ಸುರಿದ. ಒದ್ದೆಗೆ ಆ ಕಾಗದದಂಥ ಹಿಟ್ಟು ಸಲಿಕೆಗೆ ಕಚ್ಚಿಕೊಂಡಿತು. ಒಳಗೆ ತಳ್ಳಿ ಸಲಿಕೆಯನ್ನು ಹಿಂದಕ್ಕೆ ಎಳೆದೆ. ಹಿಟ್ಟು ನಡುವಿನಿಂದ ಹರಿಯಿತು. ಮೇಲಿದ್ದದ್ದೆಲ್ಲ ಕಲ್ಲಿನ ಮೇಲೆ ಚೆಲ್ಲಿ ಭುಗ್ಗೆಂದು ಹೊಗೆಯೆದ್ದಿತು.

ಎರಡನೆಯದೂ ಹರಿಯಿತು. ಮೂರನೆಯದು ಹರಿಯದೆ ಬೆಂದು ಬಂತು. ಆದರೆ ತುದಿ ಹಿಡಿದು ಎತ್ತಿದರೆ ಒದ್ದೆ ಕರವಸ್ತ್ರದ ಹಾಗೆ ಜೋತುಬಿತ್ತು. ಅದನ್ನೇ ಪೆಟ್ಟಿಗೆಗೆ ಹಾಕಿ ಅಣ್ಣ ಫಿಟ್ಟರನಿಗೆ ಕೊಟ್ಟ.

ಫಿಟ್ಟರ್ ದೊಡ್ಡ ಆಳು. ಜೊತೆಗೆ ಹೆಂಡತಿಯೂ ಬಂದಿದ್ದಳು, ಅವನಿಗಿಂತ ಅರ್ಧ ಗೇಣು ಮಾತ್ರ ಗಿಡ್ಡ. ಪೆಟ್ಟಿಗೆ ತೆರೆದು ಒಂದು ತುಂಡನ್ನು ಬೆಳಕಿಗೆ ಹಿಡಿದ. "ಲೇ ಇವಳೇ, ನೋಡೇ, ಇದರೊಳಗಿಂದ ಎದುರಂಗಡಿ ಬೋರ್ಡ್ ಓದಬಹುದು!" ಕೌಂಟರಿನ ಮುಂದಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. "ಏಳು ಜನ ಇದೀವಿ ಗುರುವೇ. ಇದನ್ನ ತಿನ್ನೋದಾ, ಇಲ್ಲಾ ಕಿಟಕಿಗೆ ಪರದೆ ಹಾಕೋದಾ?" ಎಂದವನೇ ಕೌಂಟರ್ ಮೇಲಿಂದ ಕೈ ಚಾಚಿ ಅಣ್ಣನ ಅಂಗಿಯ ಎದೆ ಹಿಡಿದು ಎಳೆದ. ಗುಂಡಿಗಳು ಪಟಪಟ ಕಿತ್ತುಬಂದವು. ಅಣ್ಣನ ಹಣೆ ಗಾಜಿನ ಪೆಟ್ಟಿಗೆಗೆ ಬಡಿಯಿತು. ಗಾಜು ಸೀಳಿತು, ಹಣೆಯೂ.

"ಬಿಡಿ ಸಾರ್! ನನ್ನ ಹೆಂಡತಿ ಹಿಟ್ಟು ಕದ್ದಿದಾಳೆ! ಅವಳೇ ಕಡಿಮೆ ಹಾಕಿರೋದು!"

ಅದು ಅತ್ತಿಗೆಗೆ ಕೇಳಿಸಿತು. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದಿದ್ದವರು ಲಟ್ಟಣಿಗೆ ಕೆಳಗಿಟ್ಟು, ಒಳಬಾಗಿಲಿನಲ್ಲಿ ನಿಂತು, ಅಷ್ಟೂ ಜನ ಕೇಳುವ ಹಾಗೆ ಹೇಳಿದರು: "ನಾನೂರ ನಲವತ್ತು ಹಾಕ್ಬೇಕಿತ್ತು. ಹೇಳಿದೆ. ಹೇಳಿದ್ದಕ್ಕೆ ತಕ್ಕಡಿ ಒಡೆದ್ರು, ನನ್ನ ಹೊಡೆದ್ರು. ಕದ್ದಿಲ್ಲ. ಅವರು ಹೇಳಿದಷ್ಟೇ ಹಾಕಿದೀನಿ."

ಫಿಟ್ಟರ್ ಅಂಗಿ ಬಿಟ್ಟ. ಯಾರೋ ಹೆಂಗಸು ಥೂ ಎಂದಳು.

ಅಣ್ಣ ಒಳಗೆ ಬಂದ. ಹಣೆಯಿಂದ ಇಳಿದ ರಕ್ತ ಹುಬ್ಬಿನಲ್ಲಿ ನಿಂತಿತ್ತು. ಕಿವಿ ಕೆಂಪಾಗಿತ್ತು. ಅತ್ತಿಗೆಯ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ಇನ್ನೊಂದು ಕೈಯಲ್ಲಿ ಅವರ ಬಲ ಮಣಿಕಟ್ಟು ಹಿಡಿದು ಓವನ್ನಿನ ಕಡೆಗೆ ಎಳೆದ. ಅತ್ತಿಗೆ ಮೇಜಿನ ಕಾಲಿಗೆ ಕಾಲು ಕೊಟ್ಟು ತಡೆದು ನಿಂತರು. ಮೇಜು ಜರುಗಿತು, ಟ್ರೇ ಜಾರಿತು, ಎಣ್ಣೆಯ ಡಬ್ಬ ಉರುಳಿತು. ಎಣ್ಣೆಯಲ್ಲಿ ಅವರ ಕಾಲು ಜಾರಿ ಮಂಡಿಯೂರಿ ಬಿದ್ದರು. ಅಣ್ಣ ಬಿಡಲಿಲ್ಲ. ಕೈಯನ್ನು ಎತ್ತಿ ಓವನ್ನಿನ ಬಾಯಿಗೆ ತುರುಕಿದ. ಬೆರಳು ಕಬ್ಬಿಣದ ಹೊಸ್ತಿಲಿಗೆ ತಾಗಿ ಚುಂಯ್ ಎಂದ ಸದ್ದು ನನಗೆ ಕೇಳಿಸಿತು. ಆಮೇಲೆ ಅತ್ತಿಗೆಯ ಕೂಗು.

ಸಲಿಕೆಯ ಅಂಚು ಮೊಂಡು, ಆದರೆ ತೆಳು. ಅದನ್ನು ಎರಡೂ ಕೈಯಿಂದ ಎತ್ತಿ ಅಣ್ಣನ ಮುಂಗೈಗೆ ಅಡ್ಡಲಾಗಿ ಇಳಿಸಿದೆ. ಒಣಗಿದ ಸೌದೆ ಮುರಿದ ಹಾಗೆ ಲಟಕ್ಕೆಂದಿತು. ಅವನ ಹಿಡಿತ ಸಡಿಲಿತು. ಅತ್ತಿಗೆ ಕೈ ಎಳೆದುಕೊಂಡು ಎಣ್ಣೆಯಲ್ಲೇ ತೆವಳಿ ಆಚೆ ಹೋದರು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವರ ಕೈ ಹೊರಗೆ ಬಂದಿತ್ತು. ನಾನು ನಿಲ್ಲಿಸಲಿಲ್ಲ.

ಅಣ್ಣ ಎಡಗೈಯಲ್ಲಿ ಹಿಟ್ಟು ಕತ್ತರಿಸುವ ಅಗಲ ತಗಡಿನ ಅಲಗು ಹಿಡಿದು ನನ್ನ ಮೇಲೆ ಬಂದ. ಅದು ನನ್ನ ಭುಜದ ಮಾಂಸ ಸೀಳಿತು. ನೋವು ಗೊತ್ತಾಗಲಿಲ್ಲ, ಬಿಸಿ ಮಾತ್ರ ಗೊತ್ತಾಯಿತು. ಸಲಿಕೆಯ ಹಿಡಿಯಿಂದ ಅವನ ಹೊಟ್ಟೆಗೆ ತಿವಿದೆ. ಬಗ್ಗಿದ. ಮಂಡಿಯಿಂದ ಮೂತಿಗೆ ಕೊಟ್ಟೆ. ಹಲ್ಲೊಂದು ಮಂಡಿಯ ಚರ್ಮಕ್ಕೆ ಚುಚ್ಚಿ ಅಲ್ಲೇ ನಿಂತಿತು. ಬಿದ್ದವನ ಎದೆಯ ಮೇಲೆ ಕೂತು ಗುದ್ದಿದೆ. ಒಂದು ಗುದ್ದು ಅತ್ತಿಗೆಯ ಬೆನ್ನಿಗೆ ಬಿದ್ದದ್ದಕ್ಕೆ. ಒಂದು ನನ್ನ ಪುಸ್ತಕಕ್ಕೆ. ಆಮೇಲಿನವು ಯಾವುದಕ್ಕೂ ಅಲ್ಲ, ಗುದ್ದುವುದಕ್ಕೇ ಗುದ್ದು. ಅವನ ಮೂಗು ನನ್ನ ಗೆಣ್ಣಿನ ಕೆಳಗೆ ಹಸಿ ಹಿಟ್ಟಿನ ಹಾಗೆ ಮೆತ್ತಗಾಯಿತು.

"ಹಾಕು ಹಾಕು!" ಎಂದು ಕೌಂಟರಿನಿಂದ ಯಾರೋ ಕೂಗಿದರು. ಹುರುಪು ಬಂತು ನನಗೆ. ಸತ್ಯ ಹೇಳಬೇಕೆಂದರೆ ಖುಷಿಯಾಗಿತ್ತು. ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿ, ಮುರಿಯದೆ ಉಳಿದಿದ್ದ ಎಡಗೈಯನ್ನು ತಿರುಚಿ ಓವನ್ನಿನ ಬಾಯಿಗೆ ಎಳೆದೆ. "ಎಷ್ಟು ಗ್ರಾಂ ಬೇಯತ್ತೆ ಹೇಳೋ! ಹೇಳೋ ಬೋಳಿಮಗನೇ, ಡಬಲ್ಲಾ, ನಾಲ್ಕರಷ್ಟಾ?"

ಅಣ್ಣ ಬೇಡ ಎನ್ನಲು ಬಾಯಿ ತೆರೆದ. ರಕ್ತದ ಗುಳ್ಳೆ ಬಂತು, ಮಾತು ಬರಲಿಲ್ಲ.

"ಕೆಂಡ, ಬಿಡು," ಎಂದರು ಅತ್ತಿಗೆ.

ಬಿಡಲಿಲ್ಲ. ಅಣ್ಣನ ಬೆರಳು ಹೊಸ್ತಿಲಿನ ಹತ್ತಿರ ಬಂದಿತ್ತು.

"ಬಿಡೋ!"

ನನ್ನ ಬೆನ್ನಿಗೆ ಏಟು ಬಿತ್ತು. ಲಟ್ಟಣಿಗೆ. ಮತ್ತೊಂದು ಏಟು ಸೀಳಿದ ಭುಜದ ಮೇಲೆಯೇ ಬಿತ್ತು, ಕಣ್ಣಿಗೆ ಕತ್ತಲೆ ಬಂತು. ಅಣ್ಣನ ಕೈ ಜಾರಿತು. ತಿರುಗಿ ನೋಡಿದೆ. ಅತ್ತಿಗೆ ಲಟ್ಟಣಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಮೂರನೆಯದಕ್ಕೂ ಸಿದ್ಧವಾಗಿದ್ದರು. ಗೋಡೆಗೆ ಒತ್ತಿಕೊಂಡಿದ್ದರು, ನನ್ನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ. ಶನಿವಾರ ಅಣ್ಣ ಕೈ ಹಿಡಿದಾಗಲೂ ಅವರ ಮುಖದಲ್ಲಿ ಆ ಹೆದರಿಕೆ ಇರಲಿಲ್ಲ.

"ನಿಮ್ಮ ಕೈ ಉಳಿಸಿದ್ದು ನಾನು ಅತ್ತಿಗೆ!"

"ಉಳಿಸಿದೆ. ಆಮೇಲೆ ಏನು ಮಾಡ್ತಿದ್ದೆ?"

ನಾನು ಓವನ್ನಿನ ಬಾಯಿಯ ಕಡೆ ನೋಡಿದೆ.

"ಹೊರಗೆ ಹೋಗು. ಅವರನ್ನೂ ಕರ್ಕೊಂಡು ಹೋಗು. ಇಬ್ಬರೂ."

"ನಾನಿಲ್ದೆ ಒಲೆ ಯಾರು ನೋಡ್ತಾರೆ?"

"ಹೋಗು ಅಂದೆ!" ಲಟ್ಟಣಿಗೆ ಗಾಳಿಯಲ್ಲಿ ಸುಯ್ಯೆಂದಿತು.

ಫಿಟ್ಟರ್ ಒಳಗೆ ಬಂದು ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಅಣ್ಣನನ್ನೂ ಹಿಡಿದು ಮೂಟೆ ಎಳೆದ ಹಾಗೆ ಬಾಗಿಲಿನಿಂದ ಆಚೆ ಹಾಕಿದ. ಒಳಗಿನಿಂದ ಚಿಲಕ ಬಿತ್ತು.

ಅಣ್ಣ ಮೆಟ್ಟಿಲಿನ ಒಂದು ತುದಿಗೆ ಕೂತ, ನಾನು ಇನ್ನೊಂದು ತುದಿಗೆ. ಗಲಾಟೆ ನೋಡಿ ಅಲ್ಲೇ ನಿಂತಿದ್ದ ನರ್ಸಮ್ಮ ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟು ಮೊದಲು ಕಿಟಕಿಯ ಹತ್ತಿರ ಓಡಿದರು. ಅತ್ತಿಗೆ ಬಲಗೈಯನ್ನು ನಲ್ಲಿಯ ನೀರಿನ ಕೆಳಗೆ ಹಿಡಿದಿದ್ದರು. "ತೆಗೀಬೇಡ ಕಣಮ್ಮ, ಹಾಗೇ ಹಿಡಿ, ಬಹಳ ಹೊತ್ತು ಹಿಡಿ," ಎಂದು ಹೊರಗಿನಿಂದಲೇ ಹೇಳಿದರು. "ಬೆರಳು ಮಡಿಸು ನೋಡೋಣ. ಮಡಿಸೋಕೆ ಬರ್ತಿದೆಯಲ್ಲ, ಕೈ ಹೋಗಿಲ್ಲ. ಬೊಬ್ಬೆ ಬರತ್ತೆ. ಒಡೀಬೇಡ." ಆಮೇಲೆ ಅಣ್ಣನ ಮುಂಗೈಗೆ ಪಿಜ್ಜಾ ಪೆಟ್ಟಿಗೆಯ ರಟ್ಟು ಕಟ್ಟಿ, ನನ್ನ ಭುಜಕ್ಕೆ ದುಪ್ಪಟ್ಟಾ ಬಿಗಿದರು. ಆಸ್ಪತ್ರೆಗೆ ಫೋನ್ ಮಾಡಿದರು, ಪೊಲೀಸರಿಗೂ ಮಾಡಿದರು. ಇಬ್ಬರೂ ಬರುತ್ತಾರೆ, ಯಾರು ಮೊದಲು ಬರುತ್ತಾರೋ ನೋಡೋಣ ಎಂದರು.

ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಗಾಯದ ಕೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಭುಜದ ಮಟ್ಟಕ್ಕೆ ಎತ್ತಿಕೊಂಡು, ಅತ್ತಿಗೆ ಉಳಿದ ಉಂಡೆಗಳನ್ನು ಎಣಿಸಿದರು. ಒಂದನ್ನು ಮೈದಾದ ಮೇಲಿಟ್ಟು ಎಡಗೈಯಿಂದ ಒತ್ತುತ್ತ ಹೋದರು. ಎಲ್ಲಿ ಬೆಳಕು ಕಾಣುವ ಲಕ್ಷಣ ಬಂತೋ ಅದಕ್ಕೆ ಮುಂಚೆಯೇ ನಿಲ್ಲಿಸಿದರು. ಗೇಣು ಹಾಕಿ ನೋಡಿದರು. ಒಂದು ಗೇಣು, ಮೇಲೆ ನಾಲ್ಕು ಬೆರಳು.

"ಈ ಉಂಡೆ ಇಪ್ಪತ್ತೆಂಟರವರೆಗೆ ಬರತ್ತೆ, ಅದಕ್ಕಿಂತ ಬರಲ್ಲ," ಎಂದು ಕೌಂಟರಿನ ಕಡೆಗೆ ಕೂಗಿದರು. "ನಲವತ್ತರದು ಹೇಳಿದವರಿಗೆ ಇಂಥವು ಎರಡು ಕೊಟ್ರೆ ಲೆಕ್ಕ ಸರಿಹೋಗತ್ತೆ. ಆದ್ರೆ ಎಲ್ಲರಿಗೂ ಎರಡೆರಡು ಕೊಡೋಷ್ಟು ಇಲ್ಲ. ಹೆಚ್ಚು ಬಾಯಿ ಇರೋ ಮನೆ ಮೊದಲು. ಉಳಿದವರು ಬೈದು ಹೋಗಿ, ಬೇಜಾರಿಲ್ಲ."

ಒಬ್ಬಿಬ್ಬರು ಬೈದೇ ಹೋದರು. ಮುದುಕರ ಮನೆಯವರು ಹೋಗಲಿಲ್ಲ. "ಹಲ್ಲಿಲ್ಲದವರು ಏನಮ್ಮ ಮಾಡ್ಬೇಕು?" ಎಂದು ಕೇಳಿದರು. ಒಂದು ಇಪ್ಪತ್ತರ ತಟ್ಟೆಗೆ ಎಣ್ಣೆ ಸವರಿ, ಅದರಲ್ಲಿ ಇನ್ನೂರಿಪ್ಪತ್ತರ ಇಡೀ ಉಂಡೆಯನ್ನು ಒತ್ತಿ ಅತ್ತಿಗೆ ಪಕ್ಕಕ್ಕಿಟ್ಟರು. "ತೆಳುವಿನದರ ಎರಡರಷ್ಟು ಬಿದ್ದಿದೆ. ಸ್ವಲ್ಪ ಹೊತ್ತು ಮಲಗ್ಲಿ. ಮೆತ್ತಗೆ ಬರತ್ತೆ."

ಆಮೇಲೆ ಸಲಿಕೆ ಎತ್ತಲು ಹೋದರು. ಒಂದೇ ಕೈಯಲ್ಲಿ ಆಗಲಿಲ್ಲ. ತುದಿ ತೂಗಿ ಕೆಳಗೆ ಬಡಿಯಿತು.

ನಾನು ಎದ್ದೆ. ಕಿಟಕಿಯ ಸರಳು ಹಿಡಿದು, "ಅತ್ತಿಗೆ, ಬಾಗಿಲು ತೆಗೀರಿ. ನಾನು ಹಾಕಿಕೊಡ್ತೀನಿ. ಏನೂ ಮಾಡಲ್ಲ, ಆಣೆ," ಎಂದೆ.

ಅವರು ನನ್ನ ಕಡೆ ನೋಡಿದರು. ಬಹಳ ಹೊತ್ತಲ್ಲ. "ರೀ ಅಕ್ಕ," ಎಂದು ಫಿಟ್ಟರನ ಹೆಂಡತಿಯನ್ನು ಕರೆದರು, "ಸ್ವಲ್ಪ ಒಳಗೆ ಬರ್ತೀರಾ? ಹಿಂದಿನ ಬಾಗಿಲು ತೆಗೀತೀನಿ. ತಳ್ಳಿ ಸರಕ್ಕನೆ ಎಳ್ಕೊಂಡುಬಿಟ್ರೆ ಸಾಕು, ನಾನು ಹೇಳಿಕೊಡ್ತೀನಿ."

"ಹೊತ್ತಿಸಿದ್ರೆ ಬೈಯ್ಬಾರದು ಮತ್ತೆ," ಎಂದಳು ಆಕೆ ಸೆರಗು ಸಿಕ್ಕಿಸುತ್ತ.

"ಯಾರೂ ಬೈಯ್ಯಲ್ಲ ಇಲ್ಲಿ."

ಮೆಟ್ಟಿಲಿನ ಆ ತುದಿಯಿಂದ ಅಣ್ಣ ಮುರಿದ ಮೂಗಿನಲ್ಲಿ ಗೊರಗೊರ ಎನ್ನುತ್ತ ಏನೋ ಹೇಳಿದ. ಬಗ್ಗಿ ಕೇಳಿದೆ.

"ಇನ್ನೂರಿಪ್ಪತ್ತು ಸಾಕಾಗ್ತಿತ್ತು ಕಣೋ," ಎಂದ. "ನೀನು ಎಳೆದಿದ್ದು ಸರಿ ಇಲ್ಲ."

ನನ್ನ ಮುಷ್ಟಿ ತಾನಾಗಿಯೇ ಬಿಗಿಯಿತು. ಕಿಟಕಿಯೊಳಗೆ ಫಿಟ್ಟರನ ಹೆಂಡತಿ ಮೊದಲ ಪಿಜ್ಜಾವನ್ನು ಕಲ್ಲಿನ ಮೇಲೆ ಇಳಿಸಿದಳು. ಹರಿಯಲಿಲ್ಲ. ಅತ್ತಿಗೆ ನಗಲಿಲ್ಲ. ಕಣ್ಣೆತ್ತಿ, ಸರಳಿನಾಚೆ ಬಿಗಿದ ನನ್ನ ಕೈಯನ್ನು ನೋಡಿದರು. ಬಂದು ಕಿಟಕಿಯ ಬಾಗಿಲನ್ನೂ ಎಳೆದು ಮುಚ್ಚಿಕೊಂಡರು.